ಕೆಲಸ ಬಿಡುವ ಮೊದಲು ಒಂದು ಪ್ಯಾಂಟ್ ಹೊಲಿಸಿ, ತೊಳೆಸಿ ನೋಡಿ

ಪ್ರಶ್ನೆ: ನನಗೆ 36 ವರ್ಷ. ತೋರಣಗಲ್ಲಿನ ಕಡೆಯ ಒಂದು ಖಾಸಗಿ ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದೇನೆ. ಹನ್ನೆರಡು ವರ್ಷಗಳಿಂದ ಆಟೊಕ್ಯಾಡ್‌ನಲ್ಲಿ ಯಂತ್ರಭಾಗಗಳ ನಕ್ಷೆ ಬಿಡಿಸುವುದೇ ನನ್ನ ಕೆಲಸ. ಜನರಲ್ ಶಿಫ್ಟ್, ಭಾನುವಾರ ರಜೆ, ಕೈಗೆ ಬರುವ ಸಂಬಳ 38,000 ರೂಪಾಯಿ, ಮನೆ ಸಾಲದ ಕಂತು 11,000. ನನ್ನ ಹೆಂಡತಿಯ ಅಣ್ಣ ಬಳ್ಳಾರಿಯಲ್ಲಿ ಸಣ್ಣ ಜೀನ್ಸ್ ಯೂನಿಟ್ ನಡೆಸುತ್ತಾರೆ. ಅಲ್ಲಿ ಬಟ್ಟೆ ಕತ್ತರಿಸಲು ಬಳಸುವ ರಟ್ಟಿನ ಅಚ್ಚನ್ನು, ಅಂದರೆ ಪ್ಯಾಟರ್ನ್ ಅನ್ನು, ಮಾಡುವುದನ್ನು ನೋಡಿದಾಗಿನಿಂದ, ಕಂಪ್ಯೂಟರಿನಲ್ಲಿ ಪ್ಯಾಟರ್ನ್ ಮಾಡಿಕೊಡುವ ಕೆಲಸವನ್ನೇ ಮುಂದಿನ ಬದುಕಾಗಿ ಮಾಡಿಕೊಳ್ಳಬೇಕು ಎಂಬ ಆಸೆ ಹುಟ್ಟಿದೆ. ಕೆಲಸ ಬಿಟ್ಟು ಬೆಂಗಳೂರಿನಲ್ಲಿ ಆರು ತಿಂಗಳ ಕೋರ್ಸ್ ಮಾಡು ಎಂದು ಒಬ್ಬರು, ಸಾಲ ಮಾಡಿ ದೊಡ್ಡ ಹಾಳೆಯಲ್ಲಿ ನಕ್ಷೆ ಮುದ್ರಿಸುವ ಪ್ಲಾಟರ್ ಯಂತ್ರ ಹಾಕು ಎಂದು ಇನ್ನೊಬ್ಬರು ಹೇಳುತ್ತಾರೆ. ಕೆಲಸದಲ್ಲಿದ್ದುಕೊಂಡೇ ಇದನ್ನು ಪರೀಕ್ಷಿಸಿ ನೋಡುವ ದಾರಿ ಇದೆಯೇ? ಕಂಪನಿಗೆ ತಿಳಿದರೆ ತೊಂದರೆಯೇ?

ಉತ್ತರ: ಪ್ಲಾಟರ್ ಈಗ ಬೇಡ, ಕೋರ್ಸ್ ಕೂಡ ಈಗ ಬೇಡ. ನಿಮಗೆ ಮೊದಲು ತಿಳಿಯಬೇಕಾದದ್ದು ಮೂರು ಸಂಗತಿ. ನಿಮ್ಮ ಕೈಯಿಂದ ಬಂದ ಪ್ಯಾಟರ್ನ್‌ನಲ್ಲಿ ಹೊಲಿದ ಪ್ಯಾಂಟ್ ತೊಳೆದ ಮೇಲೂ ಅಳತೆಗೆ ಸರಿಯಾಗಿ ನಿಲ್ಲುತ್ತದೆಯೇ? ನಿಮ್ಮ ಸಂಬಂಧಿಯಲ್ಲದ ಯೂನಿಟ್ ಮಾಲೀಕರು ಅದಕ್ಕೆ ಹಣ ಕೊಟ್ಟು, ಮತ್ತೊಮ್ಮೆ ಕರೆಯುತ್ತಾರೆಯೇ? ಹಾಗೆ ಬಂದ ಹಣವನ್ನು ನಿಮ್ಮ ಗಂಟೆಗಳಿಂದ ಭಾಗಿಸಿದರೆ ಮನೆ ನಡೆಯುತ್ತದೆಯೇ? ಮೊದಲನೆಯದಕ್ಕೆ ನೀವೇ ಹಾಕಿಕೊಂಡ ಒಂದು ಸಣ್ಣ ಪ್ರಯೋಗ ಸಾಕು. ಉಳಿದ ಎರಡಕ್ಕೆ ಉತ್ತರ ಸಿಗುವುದು ಹಣ ಪಡೆದು ಮಾಡಿದ ಬಿಡಿ ಕೆಲಸದಿಂದ ಮಾತ್ರ. ಪ್ರಯೋಗವನ್ನೂ ಹಣದ ಕೆಲಸವನ್ನೂ ಕಲಸಿಕೊಂಡು, ಮನೆಯಲ್ಲಿ ಒಂದು ಚೆಂದದ ಪ್ಯಾಟರ್ನ್ ಬಿಡಿಸಿದ ಖುಷಿಯಲ್ಲೇ ರಾಜೀನಾಮೆ ಪತ್ರ ಬರೆಯುವವರಿದ್ದಾರೆ. ನೀವು ಹಾಗೆ ಮಾಡಬಾರದು ಎಂಬ ಕಾಳಜಿಯಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಪ್ರಯೋಗ. ನೀವು ಹನ್ನೆರಡು ವರ್ಷ ನಕ್ಷೆ ಬಿಡಿಸಿದವರು. ಗೆರೆ, ವಕ್ರರೇಖೆ, ಅಳತೆ ನಮೂದಿಸುವುದು ನಿಮಗೆ ಹೊಸತಲ್ಲ. ನೀವು ಎಡವುವ ಜಾಗ ಬೇರೆಯದು. ಉಕ್ಕಿನ ಭಾಗ ನೀವು ಬಿಡಿಸಿದ ಅಳತೆಯಲ್ಲೇ ಉಳಿಯುತ್ತದೆ, ಡೆನಿಮ್ ಉಳಿಯುವುದಿಲ್ಲ. ಹೊಲಿದ ಪ್ಯಾಂಟ್ ವಾಷಿಂಗ್ ಯೂನಿಟ್‌ಗೆ ಹೋಗಿ ಬಂದಾಗ ಕುಗ್ಗಿರುತ್ತದೆ. ಉದ್ದಕ್ಕೆ ಒಂದು ಪ್ರಮಾಣದಲ್ಲಿ ಕುಗ್ಗಿದರೆ ಅಡ್ಡಕ್ಕೆ ಇನ್ನೊಂದು ಪ್ರಮಾಣದಲ್ಲಿ ಕುಗ್ಗುತ್ತದೆ. ಎಳೆದರೆ ಹಿಗ್ಗುವ ಸ್ಟ್ರೆಚ್ ಬಟ್ಟೆಯಾದರೆ ಹೊಕ್ಕಿನ ದಿಕ್ಕಿನಲ್ಲಿ, ಅಂದರೆ ಬಟ್ಟೆಯ ಅಗಲಕ್ಕೆ, ಕುಗ್ಗುವಿಕೆ ಬಹಳ ಹೆಚ್ಚು. ಪ್ಯಾಂಟಿನ ಸೊಂಟ, ಸೀಟ್, ತೊಡೆ ಎಲ್ಲವೂ ಇರುವುದು ಆ ದಿಕ್ಕಿನಲ್ಲೇ.

ಆದ್ದರಿಂದ ಕಂಪ್ಯೂಟರ್ ತೆರೆಯುವ ಮೊದಲು ಬಟ್ಟೆ ಅಳೆಯಿರಿ. ಥಾನಿನ ಅಂಚು ಬಿಟ್ಟು ಒಂದು ತುಂಡು ಕತ್ತರಿಸಿ, ಅದರ ಮೇಲೆ ಹಾಸು ಮತ್ತು ಹೊಕ್ಕಿನ ದಿಕ್ಕಿಗೆ ಸರಿಯಾಗಿ 50 ಸೆಂಟಿಮೀಟರ್ ಚೌಕ ಬಿಡಿಸಿ. ತೊಳೆದರೂ ಅಳಿಸಿಹೋಗದ ಹಾಗೆ ಮೂಲೆಗಳಲ್ಲಿ ದಾರದಿಂದ ಹೊಲಿಗೆ ಹಾಕಿ ಗುರುತು ಮಾಡಿ. ಯಾವ ವಾಷ್ ಬೇಕೋ ಅದೇ ವಾಷ್‌ನ ಒಂದು ಲಾಟಿನ ಜೊತೆ ಅದನ್ನು ಹಾಕಿಸಿ. ಮನೆಯ ವಾಷಿಂಗ್ ಮೆಷೀನ್‌ನಲ್ಲಿ ತೊಳೆದರೆ ಈ ಪರೀಕ್ಷೆಗೆ ಅರ್ಥವಿಲ್ಲ, ಏಕೆಂದರೆ ಎನ್‌ಜೈಮ್ ವಾಷ್‌ನ ಬಿಸಿನೀರು, ಹೊತ್ತು, ಆಮೇಲಿನ ಡ್ರೈಯರ್ ಎಲ್ಲವೂ ಸೇರಿಯೇ ಬಟ್ಟೆಯನ್ನು ಕುಗ್ಗಿಸುತ್ತವೆ. ಒಣಗಿದ ಮೇಲೆ ಅಳೆದಾಗ ಹಾಸಿನ ದಿಕ್ಕಿನಲ್ಲಿ 48.5, ಹೊಕ್ಕಿನ ದಿಕ್ಕಿನಲ್ಲಿ 44 ಸೆಂಟಿಮೀಟರ್ ಬಂತು ಎಂದುಕೊಳ್ಳಿ. ಉದ್ದಕ್ಕೆ ಶೇಕಡಾ 3, ಅಗಲಕ್ಕೆ ಶೇಕಡಾ 12 ಕುಗ್ಗಿತು.

ಈಗ ತೊಳೆದ ಮೇಲೆ 32 ಇಂಚು ಸೊಂಟ ಬೇಕು. ಹೊಸಬರು 32ಕ್ಕೆ ಅದರ ಶೇಕಡಾ 12 ಸೇರಿಸಿ 35.84 ಇಂಚಿಗೆ ಪ್ಯಾಟರ್ನ್ ಬಿಡಿಸುತ್ತಾರೆ. ಅದು ಶೇಕಡಾ 12 ಕುಗ್ಗಿದರೆ ಉಳಿಯುವುದು 31.54 ಇಂಚು ಮಾತ್ರ. ಕುಗ್ಗುವುದು ದೊಡ್ಡ ಅಳತೆಯ ಮೇಲೆ, ನೀವು ಲೆಕ್ಕ ಹಾಕಿದ್ದು ಸಣ್ಣ ಅಳತೆಯ ಮೇಲೆ. ಸರಿಯಾದ ದಾರಿ ಭಾಗಿಸುವುದು: 32 ÷ 0.88 = 36.36. ವ್ಯತ್ಯಾಸ ಅರ್ಧ ಇಂಚಿನಷ್ಟೇ ಎನ್ನಬೇಡಿ. ಸೊಂಟದಲ್ಲಿ ಸಾಮಾನ್ಯವಾಗಿ ಒಪ್ಪುವ ಏರುಪೇರೇ ಅರ್ಧ ಇಂಚು. ಹೊಲಿಯುವವರ ಕೈಯಿಂದ ಆಗುವ ಏರುಪೇರಿಗೆ ಇರುವ ಜಾಗವನ್ನು ನಿಮ್ಮ ಲೆಕ್ಕದ ತಪ್ಪೇ ತಿಂದುಹಾಕಿರುತ್ತದೆ.

ಎರಡನೆಯ ಎಡವು ನಿಮ್ಮ ಆಟೊಕ್ಯಾಡ್ ಅಭ್ಯಾಸದಿಂದಲೇ ಬರುತ್ತದೆ. 32 ಸೈಜಿನ ಪ್ಯಾಟರ್ನ್ ಸಿದ್ಧವಾಯಿತು, 34 ಬೇಕು. ಕೈ ತಾನಾಗಿಯೇ SCALE ಆಜ್ಞೆಯ ಕಡೆ ಹೋಗುತ್ತದೆ. ಹಾಗೆ ಹಿಗ್ಗಿಸಿದರೆ 30 ಇಂಚಿನ ಒಳಗಾಲು ಸುಮಾರು 32 ಇಂಚಾಗುತ್ತದೆ. ಸೊಂಟ ಎರಡು ಇಂಚು ದಪ್ಪವಾದ ಮನುಷ್ಯ ಎರಡು ಇಂಚು ಎತ್ತರವೂ ಆಗುವುದಿಲ್ಲವಲ್ಲ. ಗ್ರೇಡಿಂಗ್ ಎಂದರೆ ಪ್ರತಿ ಬಿಂದುವನ್ನು ಅದರದೇ ಪ್ರಮಾಣದಲ್ಲಿ ಸರಿಸುವುದು. ಒಂದು ಸೈಜಿಗೆ ಸೊಂಟದ ಸುತ್ತಳತೆ 2 ಇಂಚು ಬೆಳೆದರೆ, ಮುಂಭಾಗ ಹಿಂಭಾಗದ ನಾಲ್ಕು ತುಂಡುಗಳಲ್ಲಿ ತಲಾ ಅರ್ಧ ಇಂಚು. ತೊಡೆಯಲ್ಲಿ ಅದಕ್ಕಿಂತ ಕಡಿಮೆ, ಮಂಡಿಯಲ್ಲಿ ಇನ್ನೂ ಕಡಿಮೆ, ಕಾಲಿನ ತುದಿಯಲ್ಲಿ ಕೆಲವೊಮ್ಮೆ ಕಾಲು ಇಂಚು ಸಾಕು. ಒಳಗಾಲಿನ ಉದ್ದ ಬದಲಾಗದೆಯೂ ಇರಬಹುದು. ಈ ಪಟ್ಟಿ ಯೂನಿಟ್‌ನಿಂದ ಯೂನಿಟ್‌ಗೆ, ಮಾಲು ಹೋಗುವ ಊರಿನಿಂದ ಊರಿಗೆ ಬೇರೆ. ಅದನ್ನು ಕೇಳಿ ಬರೆದುಕೊಳ್ಳುವುದೇ ಅರ್ಧ ಕೆಲಸ.

ಇಷ್ಟಕ್ಕೆ ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. Seamly2D ಎಂಬ ಉಚಿತ ತಂತ್ರಾಂಶದಲ್ಲಿ ಅಳತೆಗಳ ಪಟ್ಟಿಯನ್ನು ಬದಲಿಸಿದರೆ ಪ್ಯಾಟರ್ನ್ ತಾನೇ ಬದಲಾಗುವಂತೆ ಬಿಡಿಸಬಹುದು. ಮುದ್ರಣಕ್ಕೆ ಪ್ಲಾಟರ್ ಕೊಳ್ಳುವ ಬದಲು, ಕಟ್ಟಡದ ನಕ್ಷೆ ಮುದ್ರಿಸುವ ಅಂಗಡಿಗೆ ಹೋಗಿ. ಅವರ 36 ಇಂಚು ಅಗಲದ ರೋಲಿನಲ್ಲಿ ಪ್ಯಾಂಟಿನ ಒಂದೊಂದು ತುಂಡು ಆರಾಮವಾಗಿ ಕೂರುತ್ತದೆ. ಮುದ್ರಿಸಿದ ಹಾಳೆಯನ್ನು ರಟ್ಟಿಗೆ ಅಂಟಿಸಿ ಕತ್ತರಿಸಿದರೆ ಯೂನಿಟ್‌ನ ಕಟಿಂಗ್ ಮಾಸ್ಟರ್‌ಗೆ ಬೇಕಾದ ರೂಪದಲ್ಲೇ ಪ್ಯಾಟರ್ನ್ ಸಿದ್ಧ. ಹಾಳೆಯ ಮೇಲೆ ಉದ್ದಕ್ಕೊಂದು, ಅಡ್ಡಕ್ಕೊಂದು 10 ಇಂಚಿನ ಗೆರೆ ಹಾಕಿಟ್ಟು, ಮುದ್ರಿಸಿದ ಮೇಲೆ ಎರಡನ್ನೂ ಅಳೆಯಿರಿ. ಹಾಳೆಗೆ ಹೊಂದಿಸಿ ಕುಗ್ಗಿಸು ಎಂಬ ಆಯ್ಕೆ ಮುದ್ರಕದಲ್ಲಿ ಉಳಿದುಹೋಗಿದ್ದರೆ ಆ ಗೆರೆಗಳೇ ಹೇಳುತ್ತವೆ. ಬಟ್ಟೆಯ ಪೂರ್ತಿ ಅಗಲಕ್ಕೆ ಎಲ್ಲ ಸೈಜುಗಳನ್ನು ಜೋಡಿಸಿದ ಹಾಳೆ, ಅಂದರೆ ಮಾರ್ಕರ್, ಮಾತ್ರ ಈ ಯಂತ್ರದಲ್ಲಿ ಬರುವುದಿಲ್ಲ, ಅದಕ್ಕೆ ಸುಮಾರು 60 ಇಂಚು ಅಗಲ ಬೇಕು. ಅದರ ಚಿಕ್ಕ ನಕ್ಷೆಯನ್ನು ಎ4 ಹಾಳೆಯಲ್ಲಿ ಕೊಟ್ಟರೆ ಕಟಿಂಗ್ ಮೇಜಿನ ಮೇಲೆ ಮಾಸ್ಟರ್ ಅದನ್ನು ನೋಡಿ ತುಂಡುಗಳನ್ನು ಜೋಡಿಸಿಕೊಳ್ಳುತ್ತಾರೆ.

ಮೊದಲು 32 ಸೈಜಿನ ಒಂದೇ ಪ್ಯಾಂಟ್ ಹೊಲಿಸಿ, ತೊಳೆಸಿ, ಅಳೆಯಿರಿ. ಸರಿಪಡಿಸಿದ ಮೇಲೆ 28, 32, 36 ಮೂರನ್ನೂ ಮಾಡಿಸಿ. ಮಧ್ಯದ ಸೈಜ್ ಸರಿಯಾಗಿ ತುದಿಯ ಸೈಜುಗಳು ಕೆಟ್ಟರೆ ನಿಮ್ಮ ಗ್ರೇಡಿಂಗ್ ತಪ್ಪು. ಮೂರೂ ಒಂದೇ ಪ್ರಮಾಣದಲ್ಲಿ ಚಿಕ್ಕದಾದರೆ ಕುಗ್ಗುವಿಕೆಯ ಲೆಕ್ಕ ತಪ್ಪು. ಅಳತೆ ಸರಿಯಿದ್ದೂ ಕುಳಿತಾಗ ಹಿಂದೆ ಜಾರಿದರೆ ಹಿಂಭಾಗದ ಸೀಟಿನ ಓರೆ ಸಾಲದು. ಈ ಕೊನೆಯದನ್ನು ಯಾವ ಅಳತೆಪಟ್ಟಿಯೂ ತೋರಿಸುವುದಿಲ್ಲ, ತೊಟ್ಟು ಕುಳಿತು ನೋಡಬೇಕು. ಅನುಭವವಿರುವ ಮಾಸ್ಟರ್ ಒಬ್ಬರಿಗೆ ರಟ್ಟು ಕೊಟ್ಟು, "ಮಾಸ್ಟರ್, ಇದರಲ್ಲಿ ಏನು ತಪ್ಪಿದೆ ಹೇಳಿ" ಎಂದು ಕೇಳಿ. ಹೆಚ್ಚಿನವರು ಹಿಂಭಾಗದ ತುಂಡನ್ನೇ ಮೊದಲು ಕೈಗೆತ್ತಿಕೊಳ್ಳುತ್ತಾರೆ. ಅವರು ಬೆರಳಿಟ್ಟು ತೋರಿಸಿದ ಜಾಗವನ್ನು ಅಲ್ಲೇ ಪೆನ್ಸಿಲಿನಲ್ಲಿ ಗುರುತಿಸಿಕೊಳ್ಳಿ. ಈ ಹಂತಕ್ಕೆ ಐದು ಸಾವಿರ ರೂಪಾಯಿ ಮತ್ತು ಎರಡು ತಿಂಗಳ ಭಾನುವಾರಗಳ ಮಿತಿ ಹಾಕಿಕೊಳ್ಳಿ. ಆ ಮಿತಿಯೊಳಗೆ ಮೂರು ಸೈಜುಗಳು ನಿಲ್ಲದಿದ್ದರೆ, ಅಥವಾ ನಾಲ್ಕನೆಯ ಸಲ ಅದೇ ಸೀಟಿನ ವಕ್ರರೇಖೆಯನ್ನು ತಿದ್ದುವಾಗ ನಿಮಗೆ ಬೇಸರವೇ ಹೆಚ್ಚಾದರೆ, ಅಲ್ಲಿಗೇ ನಿಲ್ಲಿಸಬಹುದು. ಕಳೆದದ್ದು ಅಷ್ಟೇ.

ಇನ್ನು ಹಣದ ಕೆಲಸ. ನಿಮ್ಮ ಭಾವನ ಯೂನಿಟ್‌ನಿಂದ ಆರಂಭಿಸಬೇಡಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅವರು ನಿಮ್ಮನ್ನು ಮೆಚ್ಚಿದರೆ ಅದು ತಂಗಿಯ ಗಂಡ ಎಂಬ ಪ್ರೀತಿಯಿಂದಲೋ ಕೆಲಸ ನೋಡಿಯೋ ಎಂದು ನಿಮಗೆ ತಿಳಿಯುವುದಿಲ್ಲ. ಕೆಟ್ಟರೆ ಅವರು ಬಾಯಿಬಿಟ್ಟು ಹೇಳುವುದೂ ಇಲ್ಲ. ಅವರಿಂದ ಪಡೆಯಬೇಕಾದದ್ದು ಪರಿಚಯ. ಕೌಲ್ ಬಜಾರಿನಲ್ಲೋ ಮುಂಡರಗಿ ಕಡೆಯೋ ಇರುವ, ನಿಮಗೆ ಯಾವ ನಂಟೂ ಇಲ್ಲದ ಮೂರು ಯೂನಿಟ್‌ಗಳ ಮಾಲೀಕರ ಬಳಿ ಕರೆದೊಯ್ಯಲು ಕೇಳಿ.

ಅಲ್ಲಿ ಏನನ್ನು ಮಾರುತ್ತೀರಿ ಎನ್ನುವುದು ಮುಖ್ಯ. "ಕಂಪ್ಯೂಟರ್ ಪ್ಯಾಟರ್ನ್ ಮಾಡಿಕೊಡುತ್ತೇನೆ" ಎಂದರೆ ಸಣ್ಣ ಯೂನಿಟ್‌ನವರು ತಲೆಯಾಡಿಸಿ ಚಹಾ ಕೊಟ್ಟು ಕಳಿಸುತ್ತಾರೆ. ಅವರಿಗೆ ರಟ್ಟಿನ ಪ್ಯಾಟರ್ನ್ ಮಾಡುವ ಮಾಸ್ಟರ್ ಈಗಾಗಲೇ ಇದ್ದಾರೆ. ಅವರ ತಲೆನೋವು ಬೇರೆ: ತೊಳೆದು ಬಂದ ಲಾಟಿನಲ್ಲಿ 34 ಎಂದು ಚೀಟಿ ಅಂಟಿಸಿದ ಪ್ಯಾಂಟ್ 33 ಆಗಿರುವುದು, ಮತ್ತು ಬಟ್ಟೆ ಪೋಲಾಗುವುದು. ಎರಡನೆಯದನ್ನು ಲೆಕ್ಕ ಹಾಕಿ ನೋಡೋಣ. ಒಂದು ಪ್ಯಾಂಟಿಗೆ 1.2 ಮೀಟರ್ ಬಟ್ಟೆ, ಮೀಟರಿಗೆ 200 ರೂಪಾಯಿ ಎಂದು ಇಟ್ಟುಕೊಳ್ಳಿ. ತುಂಡುಗಳನ್ನು ಇನ್ನಷ್ಟು ಒತ್ತಾಗಿ ಜೋಡಿಸಿ ಪ್ಯಾಂಟಿಗೆ 3 ಸೆಂಟಿಮೀಟರ್ ಉಳಿಸಿದರೆ, 500 ಪ್ಯಾಂಟಿನ ಲಾಟಿಗೆ 15 ಮೀಟರ್, ಅಂದರೆ 3,000 ರೂಪಾಯಿ. ಆ ಮಾಲೀಕರಿಂದ 1,500 ರೂಪಾಯಿ ಕೇಳಲು ನಿಮಗೆ ಆಧಾರವಿದೆ. ಅದೇ 100 ಪ್ಯಾಂಟಿನ ಲಾಟಾದರೆ ಉಳಿಯುವುದು 600 ರೂಪಾಯಿ, 1,500 ಕೇಳಿದರೆ ಅವರು ಬೇಡವೆನ್ನುವುದೇ ನ್ಯಾಯ. ಹೀಗಾಗಿ ನೀವು ಹುಡುಕಬೇಕಾದದ್ದು ಒಂದೇ ಸ್ಟೈಲನ್ನು ದೊಡ್ಡ ಲಾಟಿನಲ್ಲಿ, ಮತ್ತೆ ಮತ್ತೆ ಹೊಲಿಯುವವರನ್ನು.

ಈಗ ಅಪಾಯದ ಮಾತು. ನೀವು ಪಡೆಯುವುದು 1,500 ರೂಪಾಯಿ. ನಿಮ್ಮ ಪ್ಯಾಟರ್ನ್ ತಪ್ಪಿದ್ದು, ಅದರಲ್ಲೇ 500 ಪ್ಯಾಂಟ್ ಕತ್ತರಿಸಿಬಿಟ್ಟರೆ, ಮೇಲಿನ ಲೆಕ್ಕದಲ್ಲಿ ಬಟ್ಟೆಯೊಂದೇ 1,20,000 ರೂಪಾಯಿ. ಹೊಲಿಗೆ, ವಾಷಿಂಗ್ ಖರ್ಚು ಬೇರೆ. ಬಿಡುವಿನ ವೇಳೆಯ ಕೆಲಸ ಅಪಾಯವಿಲ್ಲದ್ದು ಎಂಬ ಮಾತು ಇಲ್ಲಿ ಸುಳ್ಳಾಗುತ್ತದೆ. ಸಂಬಳ ಉಳಿದಿದೆ ಎಂಬ ಕಾರಣಕ್ಕೆ ನಷ್ಟದ ಬಾಗಿಲು ಮುಚ್ಚಿರುವುದಿಲ್ಲ, ಅದನ್ನು ನೀವೇ ಮುಚ್ಚಬೇಕು. ಪ್ರತಿ ಕೆಲಸಕ್ಕೂ ಮೊದಲು ಮಾಲೀಕರ ವಾಟ್ಸ್‌ಆ್ಯಪ್‌ಗೆ ಕನ್ನಡದಲ್ಲೇ ನಾಲ್ಕು ಸಾಲು ಕಳಿಸಿ, "ಒಪ್ಪಿದೆ" ಎಂದು ಉತ್ತರ ಪಡೆಯಿರಿ:

"ಸ್ಟೈಲ್ ಒಂದು, ಸೈಜ್ 28ರಿಂದ 36. ಶುಲ್ಕ 1,500 ರೂಪಾಯಿ, ಅರ್ಧ ಮುಂಗಡ, ಉಳಿದದ್ದು ರಟ್ಟು ಕೊಡುವಾಗ. ನೀವು ಕೊಟ್ಟ ಬಟ್ಟೆ ಮತ್ತು ನೀವು ಹೇಳಿದ ವಾಷ್‌ಗೆ ಮಾತ್ರ ಈ ಪ್ಯಾಟರ್ನ್ ಹೊಂದುತ್ತದೆ. ತೊಳೆದ ಸ್ಯಾಂಪಲ್ ನೋಡಿ ನೀವು ಒಪ್ಪಿಗೆ ಕೊಡುವ ಮೊದಲು ಕಟಿಂಗ್ ಆರಂಭಿಸಬಾರದು, ಆರಂಭಿಸಿದರೆ ಹೊಣೆ ನನ್ನದಲ್ಲ."

ಮೂರನೆಯ ಸಾಲನ್ನು ಕಡೆಗಣಿಸಬೇಡಿ. ಅದೇ ಹೆಸರಿನ ಬಟ್ಟೆಯ ಹೊಸ ಥಾನು ಬಂದರೆ ಕುಗ್ಗುವಿಕೆ ಬೇರೆ ಇರಬಹುದು. ಹಳೆಯ ಪ್ಯಾಟರ್ನ್‌ನಲ್ಲೇ ಕತ್ತರಿಸಿ, ತಪ್ಪು ನಿಮ್ಮದೆಂದು ಹೇಳುವ ಪ್ರಸಂಗ ಬಂದೇ ಬರುತ್ತದೆ. ನಾಲ್ಕನೆಯ ಸಾಲಿಗೆ, "ಅಷ್ಟು ಹೊತ್ತು ಕಾಯಲು ಆಗುವುದಿಲ್ಲ, ನಾಳೆಯೇ ಕಟಿಂಗ್" ಎನ್ನುವ ಮಾಲೀಕರಿದ್ದರೆ ವಿನಯದಿಂದ ಕೆಲಸ ಬಿಟ್ಟುಬಿಡಿ. ನಿಮಗೆ ಸಂಬಳವಿದೆ, ಹಾಗೆ ಬಿಡುವ ಶಕ್ತಿ ಇರುವುದು ಈಗ ಮಾತ್ರ. ಅದನ್ನು ಬಳಸಿಕೊಳ್ಳಿ.

ಬಿಟ್ಟ ಕೆಲಸಗಳನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಯಾರು ಕೇಳಿದರು, ಯಾವಾಗ ಬೇಕಿತ್ತು, ಏಕೆ ಆಗಲಿಲ್ಲ. ಇದಕ್ಕೆ ಕಾರಣವಿದೆ. ಜೀನ್ಸ್ ಯೂನಿಟ್‌ನಲ್ಲಿ ಪ್ಯಾಟರ್ನ್ ಬೇಕೆಂಬ ಯೋಚನೆ ಬರುವುದೇ ಬಟ್ಟೆ ಬಾಗಿಲಿಗೆ ಬಂದು ಬಿದ್ದ ಮೇಲೆ. ಬೆಳಗ್ಗೆ ಹನ್ನೊಂದಕ್ಕೆ ಫೋನ್ ಮಾಡಿ ಸಂಜೆಗೆ ರಟ್ಟು ಕೇಳುತ್ತಾರೆ. ಆ ಹೊತ್ತಿಗೆ ನೀವು ಕಾರ್ಖಾನೆಯೊಳಗೆ ಇರುತ್ತೀರಿ. ಹಬ್ಬಗಳ ಮುಂಚಿನ ವಾರಗಳಲ್ಲಂತೂ ಎಲ್ಲವೂ ಇಂದೇ ಆಗಬೇಕು. ಆದ್ದರಿಂದ ನೌಕರಿಯಲ್ಲಿದ್ದುಕೊಂಡು ಮಾಡುವ ಪರೀಕ್ಷೆ ನಿಮ್ಮ ನಿಜವಾದ ಬೇಡಿಕೆಯನ್ನು ಸ್ವಲ್ಪ ಕಡಿಮೆಯಾಗಿಯೇ ತೋರಿಸುತ್ತದೆ. ಕೆಲಸ ಬರಲಿಲ್ಲ ಎಂಬುದಕ್ಕೂ, ಬಂದ ಕೆಲಸ ನಿಮ್ಮ ವೇಳೆಗೆ ಹೊಂದಲಿಲ್ಲ ಎಂಬುದಕ್ಕೂ ಇರುವ ಅಂತರವನ್ನು ಆರು ತಿಂಗಳ ನಂತರ ನೆನಪು ಹೇಳುವುದಿಲ್ಲ, ಆ ನೋಟ್‌ಬುಕ್ ಹೇಳುತ್ತದೆ.

ಅದೇ ನೋಟ್‌ಬುಕ್ಕಿನ ಇನ್ನೊಂದು ಕಡೆ ಗಂಟೆಗಳನ್ನು ಬರೆಯಿರಿ. ಮೊದಲ ಕೆಲಸ ಹೀಗಿರಬಹುದು: ಯೂನಿಟ್‌ಗೆ ಹೋಗಿ ಅಳತೆ ಪಡೆದದ್ದು 2 ಗಂಟೆ, ಬಿಡಿಸಿದ್ದು 5, ಗ್ರೇಡಿಂಗ್ 3, ಮುದ್ರಣ ಮತ್ತು ರಟ್ಟು 2, ತೊಳೆದ ಮೇಲಿನ ತಿದ್ದುಪಡಿ 3, ಬಾಕಿ ಹಣಕ್ಕೆ ಓಡಾಟ 1. ಒಟ್ಟು 16 ಗಂಟೆ. 1,500ರಲ್ಲಿ ಮುದ್ರಣ, ರಟ್ಟು, ಪೆಟ್ರೋಲ್ ಸೇರಿ 300 ಕಳೆದರೆ 1,200. ಗಂಟೆಗೆ 75 ರೂಪಾಯಿ. ನಿಮ್ಮ ಸಂಬಳವನ್ನು ತಿಂಗಳ 26 ದಿನ, ದಿನಕ್ಕೆ 8 ಗಂಟೆಯಿಂದ ಭಾಗಿಸಿದರೆ ಗಂಟೆಗೆ ಸುಮಾರು 183. ಇದನ್ನು ನೋಡಿ ಎದೆಗುಂದಬೇಡಿ, ಮೊದಲ ಸಂಖ್ಯೆಗೆ ಅಷ್ಟು ಬೆಲೆ ಕೊಡಬಾರದು. ಐದಾರು ಸ್ಟೈಲ್ ಆದ ಮೇಲೆ ನಿಮ್ಮ ಬಳಿ ತಿದ್ದಿ ಸರಿಪಡಿಸಿದ ಮೂಲ ಪ್ಯಾಟರ್ನ್‌ಗಳು ಇರುತ್ತವೆ. ಹೊಸ ಸ್ಟೈಲ್ ಎಂದರೆ ಅದರಲ್ಲೇ ಜೇಬು, ಕಾಲಿನ ತುದಿಯ ಅಗಲ, ತೊಡೆಸಂದಿಯಿಂದ ಸೊಂಟದವರೆಗಿನ ಎತ್ತರ ಬದಲಿಸುವುದು. ಆಗ 16 ಗಂಟೆ 7ಕ್ಕೆ ಇಳಿದರೆ ಗಂಟೆಗೆ 171 ರೂಪಾಯಿ ಆಯಿತು. ಇಳಿಯದೆ 14, 15ರಲ್ಲೇ ನಿಂತಿದ್ದರೆ ಕಾರಣ ಹುಡುಕಿ. ಸಾಮಾನ್ಯವಾಗಿ ಅದು ಬಿಡಿಸುವುದರಲ್ಲಿ ಇರುವುದಿಲ್ಲ, ತಿದ್ದುಪಡಿಯಲ್ಲಿ ಮತ್ತು ಓಡಾಟದಲ್ಲಿ ಇರುತ್ತದೆ.

ಈ ಲೆಕ್ಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕು. ಸ್ಟೈಲಿಗೆ 1,200 ಉಳಿದರೆ ನಿಮ್ಮ 38,000ಕ್ಕೆ ಸಮನಾಗಲು ತಿಂಗಳಿಗೆ 32 ಸ್ಟೈಲ್ ಬೇಕು. ಸ್ಟೈಲಿಗೆ 7 ಗಂಟೆಯಾದರೆ 224 ಗಂಟೆ. ಪ್ರಾವಿಡೆಂಟ್ ಫಂಡ್‌ಗೆ ಕಂಪನಿ ಕಟ್ಟುವ ಪಾಲು, ವಿಮೆ, ರಜೆಯ ಸಂಬಳ ಇವುಗಳನ್ನು ಇನ್ನೂ ಸೇರಿಸಿಲ್ಲ. ಬಳ್ಳಾರಿಯಲ್ಲಿ ಒಬ್ಬ ಬಿಡಿ ಪ್ಯಾಟರ್ನ್ ಕೆಲಸಗಾರನಿಗೆ ತಿಂಗಳಿಗೆ 32 ಹೊಸ ಸ್ಟೈಲ್ ಸಿಗುತ್ತದೆಯೇ? ಬಿಡಿ ಬಿಡಿ ಕೆಲಸವಾಗಿ ಅಷ್ಟು ಸಿಗುವುದು ಕಷ್ಟ ಎಂದೇ ನನಗೆ ಅನಿಸುತ್ತದೆ. ಹೀಗೆಂದರೆ ಆಸೆ ಬಿಡಿ ಎಂದಲ್ಲ. ಬದುಕಾಗಿ ನಿಲ್ಲುವ ರೂಪ ಬೇರೆಯಾಗಿರಬಹುದು. ನಾಲ್ಕೈದು ಯೂನಿಟ್‌ಗಳು ತಿಂಗಳಿಗೆ ಇಂತಿಷ್ಟು ಎಂದು ಕೊಟ್ಟು, ಪ್ಯಾಟರ್ನ್ ಜೊತೆಗೆ ಪ್ರತಿ ಹೊಸ ಥಾನಿನ ಕುಗ್ಗುವಿಕೆ ಪರೀಕ್ಷೆಯನ್ನೂ ನಿಮಗೇ ವಹಿಸುವುದು ಒಂದು ರೂಪ. ದೊಡ್ಡ ಘಟಕವೊಂದರಲ್ಲಿ ಸಂಬಳಕ್ಕೆ ಪ್ಯಾಟರ್ನ್ ಮಾಸ್ಟರ್ ಆಗುವುದು ಇನ್ನೊಂದು. ಬೇರೆ ಊರಿನ ಬ್ರ್ಯಾಂಡ್‌ಗಳಿಗೆ ಇಲ್ಲಿಂದಲೇ ಕಡತ ಕಳಿಸುವುದು ಮೂರನೆಯದು. ಅದಕ್ಕೆ ಅವರ ಸಾಫ್ಟ್‌ವೇರ್ ಓದುವ ಉಡುಪು ಉದ್ಯಮದ ಡಿಎಕ್ಸ್‌ಎಫ್ ಕಡತ ಬೇಕು. ನಿಮ್ಮ ಆಟೊಕ್ಯಾಡ್‌ನ ಸಾದಾ ಡಿಎಕ್ಸ್‌ಎಫ್‌ನಲ್ಲಿ ಗೆರೆಗಳು ಹೋಗುತ್ತವೆ, ಗ್ರೇಡಿಂಗ್ ನಿಯಮಗಳು ಹೋಗುವುದಿಲ್ಲ. ಬೆಂಗಳೂರಿನ ಕೋರ್ಸ್ ಬೇಕಾಗುವುದಾದರೆ ಈ ಮೂರನೆಯ ದಾರಿಗೆ ಬೇಕಾಗಬಹುದು. ಯಾವ ದಾರಿ ಎಂದು ತಿಳಿಯದೆ ಕೋರ್ಸಿಗೆ ಹಣ ಕಟ್ಟಬೇಡಿ ಎಂದದ್ದು ಅದಕ್ಕೇ.

ಕಂಪನಿಯ ವಿಷಯ. ನಿಮ್ಮ ನೇಮಕಾತಿ ಪತ್ರವನ್ನು ಹೊರತೆಗೆದು ಓದಿ. ಬೇರೆ ಯಾವುದೇ ಉದ್ಯೋಗ, ವ್ಯಾಪಾರ, ವೃತ್ತಿಯಲ್ಲಿ ತೊಡಗಬಾರದು ಎಂಬ ಷರತ್ತು ಹಲವು ಖಾಸಗಿ ಕಂಪನಿಗಳ ಪತ್ರದಲ್ಲಿ ಇರುತ್ತದೆ. ಕೆಲವದರಲ್ಲಿ ಲಿಖಿತ ಅನುಮತಿ ಇಲ್ಲದೆ ಎಂದೂ ಸೇರಿರುತ್ತದೆ. ಮೊದಲ ಹಂತಕ್ಕೆ, ಅಂದರೆ ನಿಮ್ಮದೇ ನಾಲ್ಕು ಪ್ಯಾಂಟ್ ಹೊಲಿಸಿ ನೋಡುವುದಕ್ಕೆ, ಯಾರ ಅನುಮತಿಯೂ ಬೇಡ. ಹಣ ಪಡೆಯುವ ಮೊದಲು, ಷರತ್ತಿದ್ದರೆ, ಮಾನವ ಸಂಪನ್ಮೂಲ ವಿಭಾಗಕ್ಕೆ ಒಂದು ಪುಟದ ಪತ್ರ ಬರೆಯಿರಿ: ಉಡುಪಿನ ಪ್ಯಾಟರ್ನ್ ವಿನ್ಯಾಸ, ಕಂಪನಿಯ ವ್ಯವಹಾರಕ್ಕೆ ಸಂಬಂಧವಿಲ್ಲ, ಕೆಲಸದ ವೇಳೆಯ ಹೊರಗೆ, ಸ್ವಂತ ಉಪಕರಣದಲ್ಲಿ. ಉಕ್ಕಿಗೂ ಜೀನ್ಸಿಗೂ ಪೈಪೋಟಿ ಇಲ್ಲದ ಕಾರಣ ನಿಮ್ಮ ಕೋರಿಕೆಗೆ ಬಲವಿದೆ. ಅನುಮತಿ ಸಿಗದಿದ್ದರೆ ಕದ್ದು ಮಾಡಬೇಡಿ. ಬಳ್ಳಾರಿಯಲ್ಲಿ ಯಾರ ಯೂನಿಟ್‌ನಲ್ಲಿ ಯಾರು ಏನು ಮಾಡುತ್ತಾರೆ ಎಂಬುದು ಮುಚ್ಚಿಡುವ ಸಂಗತಿಯಲ್ಲ. ಹೆಂಡತಿಯ ಹೆಸರಿನಲ್ಲಿ ಬಿಲ್ ಮಾಡಿ ಎನ್ನುವ ಸಲಹೆಯೂ ಬರುತ್ತದೆ. ಕೆಲಸ ನೀವು ಮಾಡಿ ಆದಾಯ ಅವರ ಹೆಸರಿಗೆ ತೋರಿಸಿದರೆ ಷರತ್ತು ಮುರಿದಂತೆಯೂ ಆಯಿತು, ತೆರಿಗೆಯ ಲೆಕ್ಕ ತಪ್ಪು ತೋರಿಸಿದಂತೆಯೂ ಆಯಿತು.

ಕಂಪನಿಯ ಲ್ಯಾಪ್‌ಟಾಪ್, ಕಂಪನಿಯ ಆಟೊಕ್ಯಾಡ್ ಲೈಸೆನ್ಸ್ ಮುಟ್ಟಲೇಬೇಡಿ. ಊಟದ ವಿರಾಮದಲ್ಲಿ ಹತ್ತು ನಿಮಿಷ ಎಂದುಕೊಂಡು ತೆರೆದ ಕಡತವೇ ಮುಂದೆ ಶಿಸ್ತು ಕ್ರಮಕ್ಕೆ ಕಾರಣವಾಗಬಹುದು. ಯಾವ ಯೂನಿಟ್‌ನ ಹಾಜರಿ ಪುಸ್ತಕಕ್ಕೂ ನಿಮ್ಮ ಹೆಸರು ಸೇರಬಾರದು. ನೀವು ಶುಲ್ಕಕ್ಕೆ ಕೆಲಸ ಮಾಡಿಕೊಡುವವರು, ಅವರ ನೌಕರರಲ್ಲ. ನಿಮ್ಮ ಪ್ರಾವಿಡೆಂಟ್ ಫಂಡ್ ಸಂಖ್ಯೆಗೆ ಇನ್ನೊಬ್ಬ ಮಾಲೀಕರ ಹೆಸರು ಸೇರಿದರೆ ಅದು ಎರಡನೆಯ ಉದ್ಯೋಗವಾಗಿಯೇ ಕಾಣುತ್ತದೆ.

ತೆರಿಗೆ ಇಲ್ಲಿ ದೊಡ್ಡ ಗುಡ್ಡವೇನಲ್ಲ. ಹಣವನ್ನು ಯುಪಿಐ ಮೂಲಕವೇ ಪಡೆಯಿರಿ, ಲೆಕ್ಕ ತಾನಾಗಿ ಉಳಿಯುತ್ತದೆ. ಈ ಆದಾಯ ವೃತ್ತಿ ಅಥವಾ ವ್ಯವಹಾರದ್ದು ಎಂದಾಗುವುದರಿಂದ, ಸಂಬಳದಾರರು ಸಲ್ಲಿಸುವ ಐಟಿಆರ್-1 ನಮೂನೆ ಆ ವರ್ಷ ನಿಮಗೆ ಹೊಂದುವುದಿಲ್ಲ. ನೀವು ಗೃಹಸಾಲದ ವಿನಾಯಿತಿಗಾಗಿ ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಒಂದು ಎಚ್ಚರಿಕೆ: ಸಂಬಳ ಮಾತ್ರ ಇರುವವರು ಪ್ರತಿ ವರ್ಷ ಹಳೆಯ, ಹೊಸ ಪದ್ಧತಿಗಳ ನಡುವೆ ಆಯ್ದುಕೊಳ್ಳಬಹುದು, ವ್ಯವಹಾರದ ಆದಾಯ ಇರುವವರಿಗೆ ಆ ಸ್ವಾತಂತ್ರ್ಯವಿಲ್ಲ. ಮೊದಲ ವರ್ಷ ಲೆಕ್ಕ ಸಲ್ಲಿಸುವಾಗ ಆಡಿಟರ್ ಬಳಿ ಇದೊಂದನ್ನು ಕೇಳಿಯೇ ಮುಂದುವರಿಯಿರಿ. ಜಿಎಸ್‌ಟಿ ನೋಂದಣಿಯ ಚಿಂತೆ ಬೇಡ. ಸೇವೆ ಕೊಡುವವರಿಗೆ ಅದು ಸಾಮಾನ್ಯವಾಗಿ ವರ್ಷಕ್ಕೆ 20 ಲಕ್ಷ ದಾಟಿದ ಮೇಲಿನ ಮಾತು.

ಇನ್ನು ಎಷ್ಟು ದಿನ ನೋಡಬೇಕು? ವಾರಕ್ಕೆ ಎಂಟು ಗಂಟೆಗಿಂತ ಹೆಚ್ಚು ಇದಕ್ಕೆ ಕೊಡಬೇಡಿ. ಭಾನುವಾರ ನಾಲ್ಕೈದು, ವಾರದ ನಡುವೆ ಎರಡು ಸಂಜೆ. ಭಾನುವಾರದ ಸಂಜೆಯನ್ನಾದರೂ ಮನೆಯವರಿಗೆ ಬಿಡಿ. ಹಣದ ಕೆಲಸ ಆರಂಭಿಸಿದ ದಿನದಿಂದ ಹತ್ತು ತಿಂಗಳು ಇಟ್ಟುಕೊಳ್ಳಿ, ಅಷ್ಟರಲ್ಲಿ ಹಬ್ಬದ ಒತ್ತಡವನ್ನೂ ನಡುವಿನ ಬಿಡುವಿನ ತಿಂಗಳುಗಳನ್ನೂ ನೋಡಿರುತ್ತೀರಿ. ಆ ಹೊತ್ತಿಗೆ ನೋಟ್‌ಬುಕ್ಕಿನಲ್ಲಿ ನೋಡಬೇಕಾದದ್ದು ಒಟ್ಟು ಎಷ್ಟು ಗಳಿಸಿದಿರಿ ಎಂಬುದಕ್ಕಿಂತ, ಯಾರು ಎರಡನೆಯ ಸಲ ಕರೆದರು ಎಂಬುದು. ಮೊದಲ ಸಲ ಕುತೂಹಲಕ್ಕೆ ಕೊಡುತ್ತಾರೆ, ಪರಿಚಯದವರ ಮಾತಿಗೆ ಕೊಡುತ್ತಾರೆ. ಎರಡನೆಯ ಸಲ ಲಾಭ ಕಂಡರೆ ಮಾತ್ರ ಕೊಡುತ್ತಾರೆ. ನಂಟಿಲ್ಲದ ಮೂರು ಯೂನಿಟ್‌ಗಳು ಚೌಕಾಸಿ ಮಾಡದೆ ಮತ್ತೆ ಕರೆದಿದ್ದರೆ, ಬಾಕಿ ಹಣ ತಿಂಗಳೊಳಗೆ ಬರುತ್ತಿದ್ದರೆ, ನಿಮ್ಮ ಗಂಟೆಯ ಬೆಲೆ ಸಂಬಳದ ಹತ್ತಿರ ಬಂದಿದ್ದರೆ, ಆಗ ಅವರಲ್ಲೇ ಇಬ್ಬರ ಬಳಿ ತಿಂಗಳ ಒಪ್ಪಂದದ ಮಾತು ಎತ್ತಿ. ಬಾಯಿಮಾತಿನ ಮೆಚ್ಚುಗೆಗೂ ತಿಂಗಳ ಒಪ್ಪಂದಕ್ಕೂ ಎಷ್ಟು ದೂರ ಎಂಬುದು ಆ ಮಾತುಕತೆಯಲ್ಲೇ ಗೊತ್ತಾಗುತ್ತದೆ. ಇಬ್ಬರಾದರೂ ಬರೆದು ಒಪ್ಪಿ, ಕಂತು ಸೇರಿದಂತೆ ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿ ಇದ್ದ ಮೇಲೆ ರಾಜೀನಾಮೆಯ ಯೋಚನೆ ಮಾಡಬಹುದು. ಪ್ಲಾಟರ್ ಬಗ್ಗೆ ಯೋಚಿಸುವುದು ಅದಕ್ಕೂ ಆಮೇಲೆ, ಮುದ್ರಣದ ಅಂಗಡಿಗೆ ತಿಂಗಳಿಗೆ ಕಟ್ಟುವ ಹಣ ಪ್ಲಾಟರ್ ಸಾಲದ ಕಂತನ್ನು ಮೀರಿದಾಗ.

ಮತ್ತೆ ಕರೆದವರು ಒಬ್ಬರೇ ಆಗಿದ್ದು, ಆ ಒಬ್ಬರು ನಿಮ್ಮ ಭಾವನ ಗೆಳೆಯರಾಗಿದ್ದರೆ, ಕೆಲಸ ಬಿಡಬೇಡಿ. ಆಗಲೂ ನಿಮ್ಮ ಕೈಯಲ್ಲಿ ತೊಳೆದ ಮೇಲೂ ಅಳತೆಗೆ ನಿಂತ ಹಲವು ಸ್ಟೈಲ್‌ಗಳ ರಟ್ಟು, ಕುಗ್ಗುವಿಕೆಯ ದಾಖಲೆ, ತಿದ್ದುಪಡಿಯ ಟಿಪ್ಪಣಿ ಇರುತ್ತವೆ. ದೊಡ್ಡ ಘಟಕವೊಂದರಲ್ಲಿ ಪ್ಯಾಟರ್ನ್ ವಿಭಾಗದ ಕೆಲಸ ಕೇಳಲು ಹೋದಾಗ ಅವೇ ನಿಮ್ಮ ಅನುಭವ ಪತ್ರ. ಹೋಗುವಾಗ ತಿದ್ದುವ ಮೊದಲಿನ ಪ್ಯಾಂಟನ್ನೂ ತಿದ್ದಿದ ಪ್ಯಾಂಟನ್ನೂ ಎರಡನ್ನೂ ತೆಗೆದುಕೊಂಡು ಹೋಗಿ. ನಿಮ್ಮನ್ನು ಸಂದರ್ಶಿಸುವ ಮಾಸ್ಟರ್ ಮೊದಲು ಕೇಳುವುದು ಕೆಟ್ಟದ್ದನ್ನು ಹೇಗೆ ಸರಿಪಡಿಸಿದಿರಿ ಎಂದು.